ಪಿಯಾಜೆ, ವೈಗೋಟ್ಸ್ಕಿ: ಹೋಲಿಕೆ ಟಿಪ್ಪಣಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ಸರ್, ನಾನು ಕಲಬುರಗಿಯಾಗ ಬಿ.ಇಡಿ. ಮಾಡ್ಲಿಕತ್ತೀನಿ, ಜೊತಿಗೆ ಟಿಇಟಿಗೂ ಓದ್ಲಿಕತ್ತೀನಿ. ಮಕ್ಕಳ ಯೋಚನಾಶಕ್ತಿ ಹ್ಯಾಂಗ ಬೆಳೀತದ ಅಂತ ಹೇಳಿದ ಪಿಯಾಜೆ, ವೈಗೋಟ್ಸ್ಕಿ ಇಬ್ಬರಿಗೂ ಮುಖ್ಯ ವಾದ, ಪುರಾವೆ, ಟೀಕೆ, ಬಳಕೆ ಅಂತ ನಾಲ್ಕು ಕಾಲಂ ಹಾಕೀನಿ. ಬರದು ನೋಡಿದ್ರ ಇಬ್ಬರದೂ ಒಂದೇ ಥರ ಕಾಣಸ್ತದ. ‘ಹೋಲಿಸಿ ಬರೆಯಿರಿ’ ಅಂದ್ರ ಕೈ ಓಡಂಗಿಲ್ಲ. ಟಿಪ್ಪಣಿ ಹ್ಯಾಂಗ ಬರೀಬೇಕು?

ಉತ್ತರ: ನಾಲ್ಕು ಕಾಲಂ ಹಾಕಿದ್ದು ಸರಿಯಾಗಿಯೇ ಇದೆ, ಅದರೊಳಗೆ ತುಂಬಿದ ಮಾತು ಸಡಿಲವಾಗಿರಬೇಕು. ‘ಮಗು ತಾನೇ ಜ್ಞಾನ ಕಟ್ಟಿಕೊಳ್ಳುತ್ತದೆ’, ‘ಶಿಕ್ಷಕರು ಮಾರ್ಗದರ್ಶಕರು’ ಎಂಬಂಥ ವಾಕ್ಯಗಳು ಇಬ್ಬರ ಹೆಸರಿನ ಕೆಳಗೂ ಸಲೀಸಾಗಿ ಕೂರುತ್ತವೆ. ಒಂದು ಸಣ್ಣ ಪರೀಕ್ಷೆ ಮಾಡಿ. ಟಿಪ್ಪಣಿಯಲ್ಲಿ ಹೆಸರಿನ ಮೇಲೆ ಬೆರಳಿಟ್ಟು ವಾಕ್ಯ ಮಾತ್ರ ಓದಿ. ಯಾರದೆಂದು ಗೊತ್ತಾಗದಿದ್ದರೆ ಆ ವಾಕ್ಯ ಹೊಡೆದು ಹಾಕಿ. ಬಹುಶಃ ಅರ್ಧ ಹಾಳೆ ಖಾಲಿಯಾಗುತ್ತದೆ. ಆ ಖಾಲಿ ಜಾಗಕ್ಕೆ ಏನು ಬರಬೇಕು ಎಂಬುದನ್ನು ಇಲ್ಲಿ ನೋಡೋಣ.

ಮುಖ್ಯ ವಾದದ ಕಾಲಂನಲ್ಲಿ ಇಬ್ಬರೂ ಜಗಳ ಆಡುವ ಜಾಗವನ್ನೇ ಬರೆಯಿರಿ. ಇಬ್ಬರೂ ಹುಟ್ಟಿದ್ದು 1896ರಲ್ಲಿ. ಪಿಯಾಜೆ 1980ರವರೆಗೆ ಬದುಕಿ ಬರೆದರು, ವೈಗೋಟ್ಸ್ಕಿ 1934ರಲ್ಲಿ ಕ್ಷಯದಿಂದ 37ನೇ ವಯಸ್ಸಿಗೇ ತೀರಿಕೊಂಡರು. ಪಿಯಾಜೆ ಪ್ರಕಾರ ಮಗುವಿನ ಯೋಚನೆಯ ಚೌಕಟ್ಟೇ ಒಂದೊಂದು ಹಂತದಲ್ಲಿ ಬೇರೆ ಇರುತ್ತದೆ. ವಸ್ತುಗಳ ಜೊತೆ ಮಗು ತಾನೇ ಕೈಯಾಡಿಸಿ, ತನ್ನ ಎಣಿಕೆ ತಪ್ಪಿದಾಗ ಗಲಿಬಿಲಿಗೊಂಡು, ಚೌಕಟ್ಟನ್ನು ಸರಿಪಡಿಸಿಕೊಂಡು ಮುಂದಿನ ಹಂತಕ್ಕೆ ಹೋಗುತ್ತದೆ. ಅಂದರೆ ಬೆಳವಣಿಗೆ ಮೊದಲು, ಪಾಠ ಆಮೇಲೆ. ವೈಗೋಟ್ಸ್ಕಿ ಇದನ್ನು ತಿರುಗಿಸಿದರು. ಯೋಚಿಸುವ ಶಕ್ತಿ ಮೊದಲು ಇಬ್ಬರ ನಡುವಿನ ಮಾತಿನಲ್ಲಿ, ಕೂಡಿ ಮಾಡುವ ಕೆಲಸದಲ್ಲಿ ಕಾಣಿಸಿಕೊಳ್ಳುತ್ತದೆ, ಆಮೇಲೆ ಮಗುವಿನ ಒಳಗೆ ಇಳಿಯುತ್ತದೆ. ಆದ್ದರಿಂದ ಒಳ್ಳೆಯ ಪಾಠ ಬೆಳವಣಿಗೆಯ ಹಿಂದೆ ನಡೆಯುವುದಿಲ್ಲ, ಮುಂದೆ ನಡೆದು ಅದನ್ನು ಎಳೆಯುತ್ತದೆ. ಈ ಕಾಲಂಗೆ ಇಷ್ಟು ಸಾಕು. ನಾಲ್ಕು ಹಂತಗಳ ಹೆಸರು, ವಯಸ್ಸು ನಿಮಗೆ ಬಾಯಿಪಾಠ ಇದ್ದೇ ಇರುತ್ತವೆ, ಅವನ್ನು ಹೋಲಿಕೆಯ ಹಾಳೆಯಲ್ಲಿ ತುಂಬಬೇಡಿ.

ಪುರಾವೆಯ ಕಾಲಂ ಎಲ್ಲರೂ ಎಡವುವ ಜಾಗ. ‘ಪಿಯಾಜೆ ಪ್ರಯೋಗ ಮಾಡಿ ತೋರಿಸಿದರು’ ಎಂದು ಬರೆದರೆ ಅದು ಪುರಾವೆ ಆಗುವುದಿಲ್ಲ. ಯಾರು, ಯಾವ ವಯಸ್ಸಿನ ಮಕ್ಕಳಿಗೆ, ಏನು ತೋರಿಸಿ, ಏನು ಕೇಳಿದರು, ಮಕ್ಕಳು ಏನಂದರು ಎಂಬ ಐದು ಮಾತು ಬರಬೇಕು. ಇದಕ್ಕೆ ಪರಿಮಾಣದ ಪ್ರಯೋಗವನ್ನೇ ತೆಗೆದುಕೊಳ್ಳಿ, ಆಕಾರ ಬದಲಾದರೂ ಪರಿಮಾಣ ಅಷ್ಟೇ ಇರುತ್ತದೆ ಎಂಬ ತಿಳಿವನ್ನು ಪಠ್ಯದಲ್ಲಿ ‘ಸಂರಕ್ಷಣೆ’ ಎನ್ನುತ್ತಾರೆ. ಓದುವುದಕ್ಕಿಂತ ಮಾಡಿ ನೋಡುವುದು ಸುಲಭ, ನಮ್ಮ ಕಡೆ ಮನೆಮನೆಯಲ್ಲೂ ಇರುವ ತೊಗರಿಬೇಳೆ ಸಾಕು. ನೀರಿಗಿಂತ ಬೇಳೆಯೇ ಮೇಲು. ನೀರು ಸುರಿದರೆ ಲೋಟದ ತಳದಲ್ಲಿ ಹನಿ ಉಳಿಯುತ್ತದೆ, ಜಾಣ ಮಗು ‘ಸ್ವಲ್ಪ ಕಮ್ಮಿ ಆತು’ ಎಂದು ನಿಜವನ್ನೇ ಹೇಳಿದರೆ ನೀವು ಅದನ್ನು ತಪ್ಪು ಎಂದು ಗುರುತು ಹಾಕಿಬಿಡುತ್ತೀರಿ. ಪಿಯಾಜೆ ಕೂಡ ದ್ರವದ ಜೊತೆಗೆ ಮಣಿಗಳನ್ನೂ ಬಳಸಿದ್ದರು, ಹಾಗಾಗಿ ಬೇಳೆ ಬಳಸಿದರೆ ಪ್ರಯೋಗ ಕೆಡುವುದಿಲ್ಲ.

ಎರಡು ಒಂದೇ ಅಳತೆಯ ಗಾಜಿನ ಲೋಟ, ಒಂದು ಎತ್ತರದ ಸಪೂರ ಗಾಜಿನ ಡಬ್ಬಿ ಇಟ್ಟುಕೊಳ್ಳಿ. ಸ್ಟೀಲ್ ಲೋಟ ಬೇಡ, ಮಟ್ಟ ಹೊರಗಿನಿಂದ ಕಾಣುವುದಿಲ್ಲ. ಎರಡೂ ಲೋಟಕ್ಕೆ ಅರ್ಧರ್ಧ ಬೇಳೆ ಹಾಕಿ ಮಗುವನ್ನೇ ಕೇಳಿ: ‘ಎರಡರಾಗೂ ಅಷ್ಟೇ ಅದ ಏನು?’ ಇಲ್ಲ ಅಂದರೆ ಮಗುವಿನ ಕೈಯಿಂದಲೇ ನಾಲ್ಕು ಕಾಳು ಅತ್ತಿತ್ತ ಹಾಕಿಸಿ ಒಪ್ಪಿಸಿ. ಈ ಒಪ್ಪಿಗೆ ಇಲ್ಲದೆ ಮುಂದೆ ಹೋದರೆ ಮಾಡಿದ್ದೆಲ್ಲ ವ್ಯರ್ಥ. ಆಮೇಲೆ ಮಗು ನೋಡುತ್ತಿರುವಾಗಲೇ ಒಂದು ಲೋಟದ ಬೇಳೆಯನ್ನು ಸಪೂರ ಡಬ್ಬಿಗೆ ಸುರಿದು ಕೇಳಿ: ‘ಈಗ ಇದರಾಗ ಭಾಳ ಅದ, ಅದರಾಗ ಭಾಳ ಅದ, ಇಲ್ಲಾ ಎರಡರಾಗೂ ಅಷ್ಟೇ ಅದ?’ ಸಣ್ಣ ಮಕ್ಕಳಲ್ಲಿ ಕೆಲವರು ಕೊನೆಗೆ ಕೇಳಿಸಿದ ಮಾತನ್ನೇ ಹಿಂದಿರುಗಿಸುತ್ತಾರೆ. ಅದಕ್ಕೆ ಒಂದು ಮಗುವಿಗೆ ‘ಅಷ್ಟೇ’ ಎಂಬುದನ್ನು ಕೊನೆಗೆ ಇಟ್ಟರೆ ಇನ್ನೊಂದು ಮಗುವಿಗೆ ಮೊದಲು ಇಡಿ.

ಉತ್ತರ ಬಂದ ಮೇಲೆ ಕೆಲಸ ಮುಗಿಯಲಿಲ್ಲ, ‘ಯಾಕ?’ ಎಂದು ಕೇಳಬೇಕು. ಪಿಯಾಜೆಗೆ ಸರಿ-ತಪ್ಪಿಗಿಂತ ಈ ‘ಯಾಕೆ’ಯ ಉತ್ತರ ದೊಡ್ಡದು. ಪ್ಯಾರಿಸ್‌ನಲ್ಲಿ ಬುದ್ಧಿಪರೀಕ್ಷೆಗಳ ಕೆಲಸ ಮಾಡುವಾಗ ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಾರೆ ಎಂಬುದು ಕಣ್ಣಿಗೆ ಬಿದ್ದದ್ದೇ ಅವರ ಇಡೀ ಸಿದ್ಧಾಂತದ ಬೀಜ. ಐದು ವರ್ಷದ ಮಗು ಸಾಮಾನ್ಯವಾಗಿ ‘ಇದು ಎತ್ರ ಅದ, ಇದರಾಗೇ ಭಾಳ’ ಎನ್ನುತ್ತದೆ. ಎತ್ತರ ಕಂಡಿತು, ಅಗಲ ತಪ್ಪಿತು. ಏಳೆಂಟು ವರ್ಷದ ಮಗು ಮೂರು ಕಾರಣಗಳಲ್ಲಿ ಒಂದನ್ನು ಕೊಡುತ್ತದೆ: ಏನೂ ಹಾಕಿಲ್ಲ, ಏನೂ ತೆಗೆದಿಲ್ಲ; ತಿರುಗಿ ಲೋಟಕ್ಕೆ ಹಾಕಿದರೆ ಮೊದಲಿನಷ್ಟೇ ಆಗುತ್ತದೆ; ಎತ್ತರ ಆದರೂ ಸಪೂರ ಇದೆ. ಕಾರಣ ಕೊಡದೆ ‘ಅಷ್ಟೇ’ ಎಂದ ಮಗುವನ್ನು ಸಂರಕ್ಷಣೆ ಬಂದ ಮಗು ಎಂದು ಲೆಕ್ಕ ಹಾಕಬೇಡಿ. ‘ಇನ್ನೊಬ್ಬ ಹುಡುಗ ಇದರಾಗೇ ಭಾಳ ಅದ ಅಂದ, ನೀ ಏನಂತಿ?’ ಎಂದು ಅಲುಗಾಡಿಸಿ ನೋಡಿ. ಗಟ್ಟಿ ಇದ್ದ ಮಗು ಜಗ್ಗುವುದಿಲ್ಲ.

ಇದು ಪುರಾವೆಯಾಯಿತು. ಟೀಕೆಯ ಕಾಲಂನಲ್ಲಿ ‘ಮಕ್ಕಳ ಸಾಮರ್ಥ್ಯವನ್ನು ಕಡಿಮೆ ಅಂದಾಜು ಮಾಡಿದರು’ ಎಂದಷ್ಟೇ ಬರೆದರೆ ಅದಕ್ಕೆ ಅಂಕ ಹುಟ್ಟುವುದಿಲ್ಲ. ಪ್ರತಿ ಟೀಕೆಯೂ ಮೇಲೆ ಬರೆದ ಪ್ರಯೋಗದ ಯಾವುದಾದರೂ ಒಂದು ಹೆಜ್ಜೆಗೆ ಹೋಗಿ ತಾಗಬೇಕು.

ಉದಾಹರಣೆಗೆ ಮೇಲಿನ ಪ್ರಯೋಗದಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದೇವೆ. ಶಾಲೆಯಲ್ಲಿ ಗುರುಗಳು ಅದೇ ಪ್ರಶ್ನೆ ತಿರುಗಿ ಕೇಳಿದರೆ ಮಕ್ಕಳು ಏನು ತಿಳಿಯುತ್ತಾರೆ? ಮೊದಲು ಹೇಳಿದ್ದು ತಪ್ಪು ಎಂದು. 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಸುರಿದ ಮೇಲಿನ ಪ್ರಶ್ನೆಯನ್ನು ಮಾತ್ರ, ಒಂದೇ ಸಲ ಕೇಳಿದರು. ಆರು ವರ್ಷದ ಮಕ್ಕಳ ತಪ್ಪು ಕಡಿಮೆಯಾಯಿತು. ಎರಡನೆಯದು, ಬದಲಾವಣೆಯನ್ನು ದೊಡ್ಡವರೇ ಬೇಕಂತ ಮಾಡುತ್ತಾರೆ, ಅಂದ ಮೇಲೆ ಅದು ಮುಖ್ಯ ಇರಲೇಬೇಕು ಎಂದು ಮಗು ತಿಳಿಯಬಹುದು. ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಬಿಲ್ಲೆಗಳನ್ನು ಎರಡು ಸಮ ಸಾಲಿನಲ್ಲಿ ಇಟ್ಟು, ಒಂದು ‘ತುಂಟ ಕರಡಿ’ ಗೊಂಬೆ ತಂದು, ಅದು ಓಡಿಬಂದು ಒಂದು ಸಾಲನ್ನು ಕೆಡಿಸಿದಂತೆ ಮಾಡಿದರು. ಬಿಲ್ಲೆಗಳ ಸಾಲು ಉದ್ದವಾದರೂ ಎಣಿಕೆ ಅಷ್ಟೇ ಎಂದು ಹೇಳಿದ ನಾಲ್ಕರಿಂದ ಆರು ವರ್ಷದ ಮಕ್ಕಳ ಸಂಖ್ಯೆ ಬಹಳ ಏರಿತು.

ಇಲ್ಲಿಗೆ ಪಿಯಾಜೆ ಸೋತರು ಎಂದು ಹಾಳೆ ಮುಚ್ಚುವವರೇ ಹೆಚ್ಚು. ಮೂರ್ ಮತ್ತು ಫ್ರೈ 1986ರಲ್ಲಿ ಇನ್ನೊಂದು ಸುತ್ತು ನೋಡಿದರು. ಗೊಂಬೆ ಎಣಿಕೆಯನ್ನು ನಿಜವಾಗಿಯೇ ಬದಲಿಸಿದರೂ ಮಕ್ಕಳು ‘ಅಷ್ಟೇ’ ಎನ್ನುವ ಕಡೆಗೇ ವಾಲಿದರು. ಅಂದರೆ ಗೊಂಬೆಯ ಆಟದಲ್ಲಿ ಅವರ ಗಮನ ಹಾರಿ, ‘ಅಷ್ಟೇ’ ಎಂಬುದು ಅದೃಷ್ಟಕ್ಕೆ ಸರಿ ಉತ್ತರ ಆಗಿದ್ದಿರಬಹುದು. ಟೀಕೆ, ಟೀಕೆಗೆ ಬಂದ ಈ ಎದುರುತ್ತರ, ಎರಡನ್ನೂ ಬರೆದ ಟಿಪ್ಪಣಿ ಬಹಳ ಕಡಿಮೆ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಹೀಗೆ ಹೇಳುವುದು ನ್ಯಾಯ: ವಯಸ್ಸಿನ ಗೆರೆ ಪಿಯಾಜೆ ಎಳೆದಷ್ಟು ಗಟ್ಟಿ ಇಲ್ಲ, ಪ್ರಶ್ನೆ ಕೇಳುವ ರೀತಿಯಿಂದ ಅದು ಸರಿಯುತ್ತದೆ. ಆದರೆ ಎತ್ತರಕ್ಕೆ ಮೋಸ ಹೋಗುವ ಆ ತಪ್ಪಿನ ಬಗೆ ಮಾತ್ರ ನಿಜ, ನಿಮ್ಮ ಓಣಿಯ ಮಕ್ಕಳಲ್ಲೂ ಅದು ಸಿಗುತ್ತದೆ.

ಇನ್ನೊಂದು ಟೀಕೆ ಅನುಭವದ ಬಗ್ಗೆ. ಮೆಕ್ಸಿಕೊದಲ್ಲಿ ಕುಂಬಾರರ ಮಕ್ಕಳನ್ನೂ ಅದೇ ವಯಸ್ಸಿನ ಬೇರೆ ಮಕ್ಕಳನ್ನೂ ಹೋಲಿಸಿದ ಅಧ್ಯಯನ 1969ರಲ್ಲಿ ಬಂತು. ಮಣ್ಣಿನ ಉಂಡೆಯನ್ನು ಚಪ್ಪಟೆ ಮಾಡಿದರೂ ಮಣ್ಣು ಅಷ್ಟೇ ಎಂದು ಹೇಳುವುದರಲ್ಲಿ ಕುಂಬಾರರ ಮಕ್ಕಳು ಮುಂದಿದ್ದರು. ಹಂತ ವಯಸ್ಸಿನಿಂದಷ್ಟೇ ಬರುವುದಾದರೆ ಹೀಗಾಗಬಾರದು. ಇದನ್ನು ಟಿಪ್ಪಣಿಯಲ್ಲಿ ವೈಗೋಟ್ಸ್ಕಿ ಕಡೆಗೆ ಹೋಗುವ ಸೇತುವೆಯಾಗಿ ಬಳಸಿಕೊಳ್ಳಿ.

ವೈಗೋಟ್ಸ್ಕಿ ಕಾಲಂಗೆ ಬಂದರೆ ಪುರಾವೆ ತೆಳು ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಅವರು ಬದುಕಿದ್ದೇ ಕಡಿಮೆ, ಪ್ರಯೋಗಗಳ ವಿವರವನ್ನು ಚುಟುಕಾಗಿ ಬರೆದರು, ಅವರ ಮುಖ್ಯ ಪುಸ್ತಕ ಇಂಗ್ಲಿಷ್‌ಗೆ ಬಂದದ್ದೇ 1962ರಲ್ಲಿ. ಆದರೂ ಒಂದು ಜಾಗದಲ್ಲಿ ಅವರು ಪಿಯಾಜೆಗೆ ನೇರ ಎದುರು ನಿಂತು ಪ್ರಯೋಗ ಮಾಡಿದ್ದಾರೆ, ನಿಮ್ಮ ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಅದು ಮಕ್ಕಳು ತಮಗೆ ತಾವೇ ಮಾತಾಡಿಕೊಳ್ಳುವ ವಿಷಯ.

ನಾಲ್ಕೈದು ವರ್ಷದ ಮಗು ಚಿತ್ರ ಬಿಡಿಸುತ್ತ ‘ಈಗ ಕೆಂಪು ಹಚ್ಚತೀನಿ… ಇಲ್ಲ ಇಲ್ಲ, ಇದು ಅಲ್ಲ’ ಎಂದು ಗುಣುಗುತ್ತಿರುತ್ತದೆ. 1923ರ ಪುಸ್ತಕದಲ್ಲಿ ಪಿಯಾಜೆ ಇದನ್ನು ಸ್ವಕೇಂದ್ರಿತ ಮಾತು ಎಂದು ಕರೆದರು. ಎದುರಿನವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಎಣಿಸಲಾಗದ ಮನಸ್ಸಿನ ಗುರುತು ಅದು, ಮಗು ಬೆಳೆದಂತೆ ಸತ್ತುಹೋಗುತ್ತದೆ ಎಂದು ಅವರ ಲೆಕ್ಕ. ವೈಗೋಟ್ಸ್ಕಿ ಕೇಳಿದ ಪ್ರಶ್ನೆ ಚುರುಕಾಗಿತ್ತು. ಅದು ಬರೀ ಅಪಕ್ವತೆಯಾಗಿದ್ದರೆ ಕೆಲಸ ಕಷ್ಟವಾದಾಗ ಅದು ಹೆಚ್ಚಾಗಲು ಕಾರಣವಿಲ್ಲ. ಅವರು ಬೇಕೆಂದೇ ಅಡ್ಡಿ ಮಾಡಿದರು, ಚಿತ್ರ ಬರೆಯುವಾಗ ಬೇಕಾದ ಬಣ್ಣದ ಪೆನ್ಸಿಲ್ ಸಿಗದಂತೆ ಮಾಡಿದರು. ಆ ಮಾತು ಹತ್ತಿರಹತ್ತಿರ ಇಮ್ಮಡಿಯಾಯಿತು. ಒಂದು ಸಲ ಟ್ರಾಮ್ ಬಿಡಿಸುತ್ತಿದ್ದ ಐದೂವರೆ ವರ್ಷದ ಮಗುವಿನ ಪೆನ್ಸಿಲ್ ಮುರಿಯಿತು. ಮಗು ‘ಮುರಿದಿದೆ’ ಎಂದು ಮೆಲ್ಲಗೆ ತನಗೇ ಹೇಳಿಕೊಂಡು, ನೀರುಬಣ್ಣ ತೆಗೆದುಕೊಂಡು, ಅಪಘಾತದಲ್ಲಿ ಮುರಿದ ಟ್ರಾಮನ್ನೇ ಬಿಡಿಸಿತು. ಬಾಯಿಂದ ಬಂದ ಮಾತು ಮುಂದಿನ ಕೆಲಸದ ದಾರಿ ತಿರುಗಿಸಿತು. ಆ ಮಾತು ಸಾಯುವುದಿಲ್ಲ, ಒಳಗಿಳಿದು ಮೌನದ ಯೋಚನೆಯಾಗುತ್ತದೆ ಎಂಬುದು ಅವರ ವಾದ. ಮುಂದೆ ಲಾರಾ ಬರ್ಕ್ ಶಾಲಾ ಮಕ್ಕಳನ್ನು ನೋಡಿದಾಗಲೂ ಗಟ್ಟಿ ಮಾತು ಗುಣುಗುವುದಾಗಿ, ಗುಣುಗು ತುಟಿ ಅಲುಗಾಟವಾಗಿ ಇಳಿಯುವುದು ಕಂಡಿತು. ಪಿಯಾಜೆ ಈ ಟೀಕೆಗೆ ಉತ್ತರಿಸಿದ್ದು ವೈಗೋಟ್ಸ್ಕಿ ತೀರಿಕೊಂಡು ದಶಕಗಳಾದ ಮೇಲೆ, ಒಂದಷ್ಟನ್ನು ಒಪ್ಪಿಕೊಂಡೇ.

ಹೋಲಿಕೆಯ ಒಂದು ಸಾಲನ್ನು ಹೀಗೆ ಬರೆಯಬಹುದು: ‘ಲೆಕ್ಕ ಮಾಡುವಾಗ ಮಗು ಗುಣುಗುತ್ತದೆ. ಪಿಯಾಜೆ ಪ್ರಕಾರ ಇದು ಬೆಳೆಯದ ಮನಸ್ಸಿನ ಗುರುತು, ಕಷ್ಟದ ಜೊತೆ ಏರಬೇಕಿಲ್ಲ. ವೈಗೋಟ್ಸ್ಕಿ ಪ್ರಕಾರ ಯೋಚನೆಯ ಸಾಧನ, ಕಷ್ಟದ ಜೊತೆ ಏರಬೇಕು. ಕಂಡದ್ದು: ಏರಿತು.’ ಒಂದೇ ಘಟನೆಗೆ ಇಬ್ಬರೂ ಬೇರೆ ಬೇರೆ ಭವಿಷ್ಯ ನುಡಿಯುವ ಇಂಥ ಸಾಲು ಎರಡು ಇದ್ದರೂ ‘ಹೋಲಿಸಿ’ ಎಂಬ ಪ್ರಶ್ನೆಗೆ ಬೆನ್ನೆಲುಬು ಸಿಕ್ಕಿತು. ತರಗತಿಯಲ್ಲಿ ಇದರ ಬಳಕೆಯೂ ನೇರ. ಕೂಡುವ ಲೆಕ್ಕ ಮಾಡುತ್ತ ಗುಣುಗುವ ಒಂದನೇ ತರಗತಿಯ ಮಗುವನ್ನು ‘ಬಾಯಿ ಮುಚ್ಚು’ ಎಂದು ಗದರಿಸಿದರೆ ಅದರ ಕೈಯ ಸಾಧನ ಕಸಿದಂತೆ.

ಇನ್ನು ಸಮೀಪ ವಿಕಾಸ ವಲಯ. ಮಗು ಒಬ್ಬಂಟಿಯಾಗಿ ಮಾಡಬಲ್ಲದ್ದಕ್ಕೂ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರ ಅದು. ವೈಗೋಟ್ಸ್ಕಿ ಕೊಟ್ಟ ಉದಾಹರಣೆಯಲ್ಲಿ ಇಬ್ಬರು ಮಕ್ಕಳ ಮಾನಸಿಕ ವಯಸ್ಸು ಎಂಟೇ. ನೆರವು ಕೊಟ್ಟರೆ ಒಬ್ಬರು 12 ವರ್ಷದವರ ಲೆಕ್ಕದವರೆಗೆ ಹೋಗುತ್ತಾರೆ, ಇನ್ನೊಬ್ಬರು 9ಕ್ಕೆ ನಿಲ್ಲುತ್ತಾರೆ. ಪರೀಕ್ಷೆಯ ಅಂಕ ಒಂದೇ, ವಲಯ ಬೇರೆ. ಇಲ್ಲೊಂದು ಮಾತು ನೆನಪಿರಲಿ: ಕಟ್ಟಡಕ್ಕೆ ಕಟ್ಟುವ ಸಾರವೆಯ ಹೋಲಿಕೆ, ಅಂದರೆ ಸ್ಕ್ಯಾಫೋಲ್ಡಿಂಗ್ ಎಂಬ ಹೆಸರು, ವೈಗೋಟ್ಸ್ಕಿಯದಲ್ಲ. ಅದನ್ನು 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಕೊಟ್ಟರು. ಗೈಡುಗಳಲ್ಲಿ ಈ ತಪ್ಪು ಸಾಕಷ್ಟು ಕಡೆ ಇದೆ, ನೀವು ಬರೆಯುವಾಗ ಎರಡನ್ನೂ ಬೇರೆ ಮಾಡಿ.

ಈ ವಲಯದ ಮೇಲಿನ ದೊಡ್ಡ ಟೀಕೆ ಅದನ್ನು ಅಳೆಯುವುದು ಹೇಗೆ ಎಂಬುದೇ. ಎಷ್ಟು ನೆರವು, ಯಾರ ನೆರವು ಎಂದು ವೈಗೋಟ್ಸ್ಕಿ ಬಿಡಿಸಿ ಹೇಳಲಿಲ್ಲ. ಪಾಠ ಕಲಿಸುವವರು ಜಾಣರಾದರೆ ವಲಯ ದೊಡ್ಡದಾಗಿ ಕಾಣುತ್ತದೆ, ಒರಟರಾದರೆ ಸಣ್ಣದು. ಬಾರ್ಬರಾ ರೋಗಾಫ್ ಮತ್ತೊಂದು ದೋಷ ಎತ್ತಿದರು: ಎಷ್ಟೋ ಸಮುದಾಯಗಳಲ್ಲಿ ಮಕ್ಕಳು ಮಾತಿಗಿಂತ ನೋಡುತ್ತ, ಜೊತೆಗೆ ಕೈಹಾಕುತ್ತ ಕಲಿಯುತ್ತಾರೆ. ರೊಟ್ಟಿ ತಟ್ಟುವುದನ್ನು ನಮ್ಮ ಮನೆಗಳಲ್ಲಿ ಯಾರೂ ಮಾತಲ್ಲಿ ಕಲಿಸಿಲ್ಲ.

ಅಳೆಯುವ ಕಷ್ಟಕ್ಕೆ ಒಂದು ದಾರಿ ಸುಳುಹುಗಳ ಮೆಟ್ಟಿಲು. ಮೂರನೇ ತರಗತಿಯ ಎರಡು ಮಕ್ಕಳನ್ನು ಕಲ್ಪಿಸಿಕೊಳ್ಳಿ. ದಶಕ ಬಿಡಿಸಿ ಕಳೆಯುವ ಹತ್ತು ಲೆಕ್ಕದಲ್ಲಿ ಇಬ್ಬರದೂ ಮೂರು ಸರಿ. 52 − 27ಕ್ಕೆ ಇಬ್ಬರೂ 35 ಬರೆದಿದ್ದಾರೆ. 2ರಲ್ಲಿ 7 ಹೋಗುವುದಿಲ್ಲ ಎಂದು ತಿರುಗಿಸಿ 7ರಲ್ಲಿ 2 ಕಳೆದಿದ್ದಾರೆ. ನೀವು ಐದು ಸುಳುಹುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಒಂದನೆಯದು ‘ಇನ್ನೊಮ್ಮೆ ನೋಡು’. ಎರಡನೆಯದು ‘ಬಿಡಿಯ ಮನೆ ನೋಡು’. ಮೂರನೆಯದು ‘ಎರಡು ಕಡ್ಡಿ ಇದ್ದರೆ ಏಳು ಕೊಡಾಕ ಬರ್ತದ ಏನು?’ ನಾಲ್ಕನೆಯದು ಹತ್ತು ಹತ್ತರ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು ‘ಒಂದು ಕಟ್ಟು ಬಿಚ್ಚು’ ಎನ್ನುವುದು. ಐದನೆಯದು ಜೊತೆಗೆ ಕೂತು ಪೂರ್ತಿ ಮಾಡಿ ತೋರಿಸುವುದು. ತಡೆದು ತಡೆದು ಒಂದೊಂದೇ ಕೊಡಿ, ಯಾವ ಸುಳುಹಿಗೆ 25 ಬಂತೆಂದು ಬರೆಯಿರಿ. ಆಮೇಲೆ 64 − 38, ಆಮೇಲೆ 81 − 46.

ಮೊದಲ ಮಗುವಿಗೆ ಮೂರು ಲೆಕ್ಕಕ್ಕೆ ಬೇಕಾದ ಸುಳುಹು 3, 2, 1 ಎಂದು ಇಳಿಯಿತು ಅನ್ನಿ. ಎರಡನೆಯ ಮಗುವಿಗೆ 5, 5, 4. ಮೊದಲ ಮಗುವಿಗೆ ಕಡ್ಡಿ ಬೇಡ, ತಡೆದು ನೋಡುವ ಅಭ್ಯಾಸ ಬೇಕು. ಎರಡನೆಯದಕ್ಕೆ ಹತ್ತರ ಕಟ್ಟು ಎಂದರೇನು ಎಂಬಲ್ಲಿಂದಲೇ ಶುರು ಮಾಡಬೇಕು, ಅಂದರೆ ಪಿಯಾಜೆ ಹೇಳುವ ಕೈಯಾಡಿಸುವ ಕೆಲಸ. ಇಬ್ಬರ ಸಿದ್ಧಾಂತವೂ ಒಂದೇ ಬೆಂಚಿನ ಮೇಲೆ ಕೆಲಸಕ್ಕೆ ಬರುವುದು ಇಲ್ಲಿ. ನೆರವು ಕೊಡುವ ನಿಯಮ ವುಡ್ ಮತ್ತು ಮಿಡಲ್‌ಟನ್ 1975ರಲ್ಲಿ ತಾಯಂದಿರು ನಾಲ್ಕು ವರ್ಷದ ಮಕ್ಕಳಿಗೆ ಮರದ ತುಂಡು ಜೋಡಿಸುವುದನ್ನು ಕಲಿಸುವುದರಲ್ಲಿ ಕಂಡದ್ದು: ಮಗು ಎಡವಿದರೆ ಒಂದು ಮೆಟ್ಟಿಲು ಹೆಚ್ಚು ನೆರವು, ಗೆದ್ದರೆ ಒಂದು ಮೆಟ್ಟಿಲು ಕಡಿಮೆ. ಗೆದ್ದ ಮೇಲೂ ಅಷ್ಟೇ ನೆರವು ಕೊಡುತ್ತ ಹೋಗುವುದು ನಾವು ಮಾಡುವ ಸಾಮಾನ್ಯ ತಪ್ಪು. ಅದು ಗೊತ್ತಾಗುವುದು ಒಂದು ವಾರದ ನಂತರ, ಅದೇ ಬಗೆಯ ಲೆಕ್ಕವನ್ನು ಸುಳುಹಿಲ್ಲದೆ ಕೊಟ್ಟಾಗ. ಮಗು ನಿಮ್ಮ ಮುಖ ನೋಡುತ್ತ ಕೂತರೆ ನೆರವು ಒಳಗೆ ಇಳಿದಿಲ್ಲ, ನಿಮ್ಮ ಮೇಲೇ ನಿಂತಿದೆ.

ನಮ್ಮ ಸರಕಾರಿ ಶಾಲೆಯ ನಲಿ-ಕಲಿಯಲ್ಲಿ ಮಕ್ಕಳು ಕೂತು ಕಲಿಯುವ ಗುಂಪಿಗೆ ತಟ್ಟೆ ಎನ್ನುತ್ತಾರೆ. ಪೂರ್ತಿ ಶಿಕ್ಷಕರ ನೆರವಿನ ತಟ್ಟೆಯಿಂದ ಭಾಗಶಃ ನೆರವು, ಸಹಪಾಠಿಗಳ ನೆರವು, ಕೊನೆಗೆ ಸ್ವಕಲಿಕೆಯ ತಟ್ಟೆಗೆ ಮಕ್ಕಳು ಸಾಗುವುದು ಇದೇ ನೆರವು ಇಳಿಸುವ ಕ್ರಮ. ಬಳಕೆಯ ಕಾಲಂಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಪಿಯಾಜೆ ಕಡೆಗೆ ಕಡ್ಡಿ, ಕಾಳು, ಹುಣಸೆಬೀಜ ಬರೆಯಿರಿ, ಅವಕ್ಕೆ ವಿವರಣೆ ಬೇಕಿಲ್ಲ.

ಕೊನೆಗೆ ನಮ್ಮ ಜಿಲ್ಲೆಗಳಿಗೇ ಸೇರಿದ ಒಂದು ತೊಡಕು. ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಸೇಡಂ, ಗುರುಮಠಕಲ್ ಕಡೆ ತೆಲುಗು, ಆಳಂದ, ಬೀದರ್ ಕಡೆ ಮರಾಠಿ, ಊರ ತುಂಬ ದಖ್ಖನಿ. ಬೇಳೆಯ ಪ್ರಯೋಗದಲ್ಲಿ ‘ಅಷ್ಟೇ’ ಎಂಬ ಮಾತು ಮಗುವಿಗೆ ತಿಳಿಯದೆ ತಪ್ಪು ಉತ್ತರ ಬಂದರೆ ಅದು ಹಂತದ ತಪ್ಪಲ್ಲ. ಪರಿಶೀಲಿಸುವುದು ಹೀಗೆ: ಸುರಿಯುವ ಮೊದಲು ಒಂದರಲ್ಲಿ ಒಂದು ಮುಷ್ಟಿ, ಇನ್ನೊಂದರಲ್ಲಿ ಮೂರು ಮುಷ್ಟಿ ಬೇಳೆ ಹಾಕಿ ‘ಯಾವುದರಾಗ ಭಾಳ ಅದ?’ ಎಂದು ಕೇಳಿ, ಆಮೇಲೆ ಸಮ ಮಾಡಿ ‘ಅಷ್ಟೇ ಅದ ಏನು?’ ಎಂದು ಕೇಳಿ. ಇಲ್ಲೇ ಮಗು ತಡವರಿಸಿದರೆ ಅದರ ಮನೆಮಾತು ಬಲ್ಲ ಇನ್ನೊಂದು ಮಗುವಿನಿಂದ ಪ್ರಶ್ನೆ ಕೇಳಿಸಿ. ಆ ಮಾತಿನಲ್ಲಿ ಸರಿ ಉತ್ತರ, ಕಾರಣ ಎರಡೂ ಬಂದರೆ ಟಿಪ್ಪಣಿಯಲ್ಲಿ ಅದನ್ನು ಪಿಯಾಜೆಯ ಟೀಕೆ, ವೈಗೋಟ್ಸ್ಕಿಯ ಪುರಾವೆ ಎಂದು ಎರಡೂ ಕಡೆ ಬರೆಯಬಹುದು.